ಒಂದು ಕೆಂಪು, ಮೂರು ಬಣ್ಣ

ಚಟ್ನಿಪುಡಿ ಮಾರುವ ನನ್ನ ಗೆಳತಿ ಒಂದು ದಿನ ಮೂರು ವಸ್ತುಗಳನ್ನು ಮೇಜಿನ ಮೇಲಿಟ್ಟಳು: ಪುಡಿಯ ಪೊಟ್ಟಣ, ವಿಸಿಟಿಂಗ್ ಕಾರ್ಡು, ಫ್ಲೆಕ್ಸಿನ ತುಂಡು. ಒಂದೇ ಅಂಗಡಿಯ ಒಂದೇ ಕೆಂಪು. ಆದರೆ ಒಂದು ಇಟ್ಟಿಗೆಯಂತೆ, ಒಂದು ಕುಂಕುಮದಂತೆ, ಇನ್ನೊಂದು ಕಿತ್ತಳೆಗೆ ತಿರುಗಿತ್ತು. ಮೂರು ಅಂಗಡಿಯವರಿಗೂ ಅವಳು ವಾಟ್ಸಾಪ್‌ನಲ್ಲಿ ಲೋಗೋದ ಫೋಟೋ ಕಳಿಸಿ 'ಇದೇ ಕೆಂಪು' ಅಂದಿದ್ದಳಂತೆ.

ಮೊಬೈಲ್ ಬಣ್ಣ ತೋರಿಸುವುದು ಬೆಳಕಿನಿಂದ, ಪ್ರೆಸ್ಸು ಶಾಯಿಯಿಂದ. ಹಾಗಾಗಿ ಒಂದೇ ಬಣ್ಣಕ್ಕೆ ಎರಡು ವಿಳಾಸ ಬೇಕು. ಪರದೆಗೆ #B3261E ಎಂದು ಬರೆದೆವು. ಮುದ್ರಣಕ್ಕೆ ಪ್ರೆಸ್ಸಿನವರು ಪ್ರೂಫ್ ತೆಗೆದು, ಹಗಲು ಬೆಳಕಿನಲ್ಲಿ ನೋಡಿ ಒಪ್ಪಿದ ಮೇಲೆ C20 M95 Y100 K10 ಎಂದು ನಿಗದಿಯಾಯಿತು. ಇಷ್ಟಾದರೂ ಕಂದು ಕಾಗದದ ಪೊಟ್ಟಣದಲ್ಲಿ ಕೆಂಪು ಮಂಕಾಯಿತು. ಶಾಯಿ ಪಾರದರ್ಶಕ, ಕೆಳಗಿನ ಕಂದು ಅದರಲ್ಲಿ ಬೆರೆಯುತ್ತದೆ. ಕೆಳಗೆ ಬಿಳಿ ಪದರ ಹಾಕಿಸಬೇಕು, ಇಲ್ಲವೇ ಬಿಳಿ ಸ್ಟಿಕ್ಕರ್ ಅಂಟಿಸಬೇಕು.

ಲೋಗೋ ಸುತ್ತ ಬಿಡುವ ಖಾಲಿ ಜಾಗದ ಲೆಕ್ಕ ಕನ್ನಡದಲ್ಲಿ ಸ್ವಲ್ಪ ಬೇರೆ. ಅವಳ ಅಂಗಡಿಯ ಹೆಸರಿನಲ್ಲಿ 'ಅಕ್ಕ' ಇದೆ. 'ಅ' ಅಕ್ಷರದ ಎತ್ತರವನ್ನೇ ಅಳತೆಗೋಲು ಮಾಡಿಕೊಂಡು ನಾಲ್ಕೂ ಕಡೆ ಅಷ್ಟು ಜಾಗ ಬಿಡಬೇಕೆಂದು ಗೊತ್ತುಮಾಡಿದೆವು. ಲೋಗೋ 60 ಮಿ.ಮೀ. ಅಗಲ, 20 ಮಿ.ಮೀ. ಎತ್ತರ, 'ಅ' 8 ಮಿ.ಮೀ. ಇದ್ದರೆ ಒಟ್ಟು 76 × 36 ಮಿ.ಮೀ. ಅದಕ್ಕೆ ಮೀಸಲು. ಕೆಳಗಿನ ಅಂತರವನ್ನು ಮಾತ್ರ ಅಕ್ಷರದ ಬುಡದಿಂದಲ್ಲ, ಒತ್ತಕ್ಷರದ ತುದಿಯಿಂದ ಅಳೆಯಬೇಕು. ಹಿಂದಿನ ಸ್ಟಿಕ್ಕರಿನಲ್ಲಿ ಇದು ತಪ್ಪಿ, ಫೋನ್ ನಂಬರು 'ಕ್ಕ'ದ ಒತ್ತಿಗೆ ತಗುಲಿಕೊಂಡಿತ್ತು. ತೀರ ಚಿಕ್ಕದಾಗಿಸಿದರೂ ಒತ್ತು ಶಾಯಿಯಲ್ಲಿ ಮುಚ್ಚಿಹೋಗುತ್ತದೆ. ಅವಳ ಲೋಗೋ 25 ಮಿ.ಮೀ.ಗಿಂತ ಕಡಿಮೆ ಅಗಲಕ್ಕೆ ಇಳಿಯಕೂಡದು.

ಅಕ್ಷರಶೈಲಿಗೆ ಎರಡೇ ಸಾಕೆನಿಸಿತು. ತಲೆಬರಹಕ್ಕೆ ಬಾಲೂ ತಮ್ಮ, ಪದಾರ್ಥಗಳ ಪಟ್ಟಿಗೆ ನೋಟೊ ಸಾನ್ಸ್ ಕನ್ನಡ. ಎರಡೂ ಯೂನಿಕೋಡ್, ಎರಡನ್ನೂ ವ್ಯಾಪಾರಕ್ಕೆ ಪುಕ್ಕಟೆ ಬಳಸಬಹುದು. ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದಕ್ಕೇ ಪ್ರೆಸ್ಸಿನವರು 'ಕರ್ವ್ಸ್ ಮಾಡಿ ಕಳಿಸಿ' ಅನ್ನುವುದು. ಕರ್ವ್ಸ್ ಮಾಡಿದ ಮೇಲೆ ಅಕ್ಷರ ಬರೀ ಆಕಾರ, ಯಾವ ಕಂಪ್ಯೂಟರಿನಲ್ಲೂ ಕೆಡದು. ಆದರೆ ಆಮೇಲೆ ಬೆಲೆ ತಿದ್ದಲೂ ಬಾರದು. ಆದ್ದರಿಂದ ಮೂಲ ಕಡತವನ್ನು ಬೇರೆ ಇಟ್ಟುಕೊಂಡೇ ಆ ಕೆಲಸ ಮಾಡಬೇಕು.

ಇದೆಲ್ಲ ಒಂದೇ ಹಾಳೆಗೆ ಬಂತು. ನಲವತ್ತು ಪುಟದ ಪುಸ್ತಕ ಮಾಡಿಕೊಟ್ಟರೆ ಪ್ರೆಸ್ಸಿನ ಗಡಿಬಿಡಿಯಲ್ಲಿ ಯಾರು ಓದುತ್ತಾರೆ? ಹಾಳೆಯ ಮೂಲೆಗೆ ಅವಳು ಒಪ್ಪಿದ ಪೊಟ್ಟಣದ ತುಂಡೊಂದನ್ನು ಅಂಟಿಸಿದ್ದಾಳೆ. ಅಂಗಡಿಯವರು ಮೊದಲು ನೋಡುವುದು ಅದನ್ನೇ. ಫ್ಲೆಕ್ಸಿಗೆ ಮಾತ್ರ ಪ್ರತಿ ಸಲ ಒಂದಡಿ ಮಾದರಿ ತೆಗೆಸಿ ನೋಡುತ್ತಾಳೆ. ಅದೂ ಬಿಸಿಲಿಗೆ ಬಿದ್ದ ಮೇಲೆ ಬಿಳಚಿಕೊಳ್ಳುತ್ತದೆ, ಅದಕ್ಕೆ ಹಾಳೆಯಲ್ಲಿ ಮದ್ದಿಲ್ಲ.