ಪಾತ್ರೆಯ ನಡುವಿನ ಬಿಸಿ

ಅಡುಗೆಮನೆಗೆ ಹೊಸದಾಗಿ ಬಂದವರಿಗೆ,

ಕೌಂಟರಿನ ಬಿಸಿನೀರಿನ ತೊಟ್ಟಿ ಆಹಾರವನ್ನು ಬಿಸಿಯಾಗಿಡುತ್ತದೆ, ಆದರೆ ಆರಿದ್ದನ್ನು ಬೇಗ ಕಾಯಿಸಲಾರದು. ಆದ್ದರಿಂದ ಬಿಸಿಬೇಳೆಬಾತ್ ಒಲೆಯಿಂದ ಕುದಿಯುತ್ತಲೇ ಅಲ್ಲಿಗೆ ಬರಬೇಕು, 60 ಡಿಗ್ರಿಗಿಂತ ಕೆಳಗಿಳಿಯಬಾರದು. ಹಬೆ ನೋಡಿ ನಂಬಬೇಡಿ. ಚೆನ್ನಾಗಿ ಕಲಕಿ, ಥರ್ಮಾಮೀಟರಿನ ಕಡ್ಡಿಯನ್ನು ಪಾತ್ರೆಯ ನಡುವಿಗೆ ಇಳಿಸಿ, ಗಂಟೆಗೊಮ್ಮೆ ಬರೆದಿಡಿ.

ಹನ್ನೆರಡಕ್ಕೆ 66 ಇದ್ದದ್ದು ಒಂದಕ್ಕೆ 54 ಆಗಿದೆ ಎನ್ನಿ. ಕೂಡಲೇ ಒಲೆಗೇರಿಸಿ, 75 ದಾಟಿಸಿ ಮರಳಿ ತನ್ನಿ. ಹಿಂದಿನ ದಾಖಲೆಯೇ ಇಲ್ಲದಿದ್ದರೆ ಚೆಲ್ಲಿಬಿಡಿ. ಆ ನಷ್ಟ ನನ್ನದು. ಅನ್ನದಲ್ಲಿ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೆಂದ ಮೇಲೂ ಉಳಿಯುತ್ತವೆ. ಉಗುರುಬೆಚ್ಚಗೆ ಬಹಳ ಹೊತ್ತು ಬಿಟ್ಟರೆ ಅವು ಮೊಳೆತು, ವಾಂತಿ ತರಿಸುವ ವಿಷ ಹುಟ್ಟಿಸುತ್ತವೆ. ಅದು ಮತ್ತೆ ಕುದಿಸಿದರೂ ಹೋಗದು. ರುಚಿ, ವಾಸನೆಯಲ್ಲಿ ಸುಳಿವೇ ಸಿಗದಿರಬಹುದು.

ಮೊಸರನ್ನದ್ದು ತಿರುಗುಮುರುಗು ಲೆಕ್ಕ. ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ತಣ್ಣನೆಯ ಮೊಸರು ಬೆರೆಸಿ ಫ್ರಿಜ್‌ನಲ್ಲಿ 5 ಡಿಗ್ರಿಯೊಳಗೆ ಇಡಿ. ಬಡಿಸುವಲ್ಲಿಗೆ ಚಿಕ್ಕ ಪಾತ್ರೆಯಷ್ಟೇ ಬರಲಿ, ಅದೂ ಐಸ್ ಮೇಲೆ. ಅದು ಖಾಲಿಯಾದಾಗ ಹಳೆಯದರ ಮೇಲೆ ಹೊಸದನ್ನು ಸುರಿಯದೆ ಪಾತ್ರೆಯನ್ನೇ ಬದಲಿಸಿ.