ನೀವಿಲ್ಲದ ಸಭೆಯಲ್ಲಿ ನಿಮ್ಮ ಪರ ವಾದಿಸುವ ಎರಡು ಪುಟ

ಫೆಬ್ರವರಿ ಬಂತೆಂದರೆ ಬೆಂಗಳೂರಿನ ಅನೇಕ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅಪ್ರೈಸಲ್ ಮಾತು ಶುರುವಾಗುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷದ ಲೆಕ್ಕ ಹಿಡಿಯುವ ಕಡೆ ಎಚ್.ಆರ್. ವಿಭಾಗದವರು ಒಂದು ಫಾರ್ಮ್ ಕಳಿಸುತ್ತಾರೆ. ವರ್ಷವಿಡೀ ಏನು ಮಾಡಿದಿರಿ, ನೀವೇ ಬರೆಯಿರಿ ಎನ್ನುತ್ತದೆ ಅದು. ಹೆಚ್ಚಿನವರು ಕೊನೆಯ ದಿನದ ರಾತ್ರಿ ಕೂತು, ನೆನಪಿಗೆ ಬಂದಷ್ಟನ್ನು ತುಂಬಿ ಕಳಿಸಿಬಿಡುತ್ತಾರೆ. ನನ್ನ ಕೆಲಸ ಮ್ಯಾನೇಜರ್‌ಗೆ ಗೊತ್ತೇ ಇದೆಯಲ್ಲ ಎಂಬ ಧೈರ್ಯ ಒಂದು ಕಡೆ, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದು ಹೇಗೆ ಎಂಬ ಸಂಕೋಚ ಇನ್ನೊಂದು ಕಡೆ.

ಆದರೆ ಪ್ರಮೋಷನ್ ತೀರ್ಮಾನವನ್ನು ನಿಮ್ಮ ಮ್ಯಾನೇಜರ್ ಒಬ್ಬರೇ ಮಾಡುವುದು ಅಪರೂಪ. ಸ್ವಲ್ಪ ದೊಡ್ಡ ಕಂಪನಿಗಳಲ್ಲೆಲ್ಲ ಕ್ಯಾಲಿಬ್ರೇಷನ್ ಎಂಬ ಸಭೆ ನಡೆಯುತ್ತದೆ. ಒಂದು ವಿಭಾಗದ ಮ್ಯಾನೇಜರುಗಳೆಲ್ಲ, ಅವರ ಮೇಲಿನವರು, ಎಚ್.ಆರ್. ಪ್ರತಿನಿಧಿ ಒಟ್ಟಿಗೆ ಕೂತು ಬೇರೆ ಬೇರೆ ತಂಡಗಳವರನ್ನು ಒಂದೇ ಅಳತೆಗೆ ಹಿಡಿದು ನೋಡುತ್ತಾರೆ. ಪ್ರಮೋಷನ್‌ಗೆ ಇಷ್ಟೇ ಎಂಬ ಬಜೆಟ್ ಇರುತ್ತದೆ, ಹೆಸರುಗಳು ಅದಕ್ಕಿಂತ ಜಾಸ್ತಿ ಇರುತ್ತವೆ. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅಲ್ಲಿ ಕೂತವರಲ್ಲಿ ಬಹುಪಾಲು ಜನ ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರಲ್ಲ. ನೀವು ಅಲ್ಲಿರುವುದಿಲ್ಲ. ನಿಮ್ಮ ಮ್ಯಾನೇಜರ್ ಕೈಯಲ್ಲಿ ಇರುವುದು ನೀವು ಬರೆದುಕೊಟ್ಟದ್ದು ಮಾತ್ರ. ಹಾಗಾಗಿ ಆ ಬರಹವನ್ನು ನಿಮ್ಮನ್ನು ಬಲ್ಲವರಿಗೆ ಬರೆಯಬಾರದು, ನಿಮ್ಮ ಹೆಸರನ್ನೇ ಮೊದಲ ಸಲ ಕೇಳುತ್ತಿರುವವರಿಗೆ ಬರೆಯಬೇಕು.

ಬರೆಯುವ ಮೊದಲು ಬಗೆಹರಿಸಿಕೊಳ್ಳಬೇಕಾದ್ದು ಒಂದಿದೆ. ಒಳ್ಳೆಯ ರೇಟಿಂಗ್ ಬೇರೆ, ಪ್ರಮೋಷನ್ ಬೇರೆ. ಈಗಿನ ಹುದ್ದೆಯ ಕೆಲಸವನ್ನು ಚೆನ್ನಾಗಿ ಮಾಡಿದ್ದಕ್ಕೆ ಸಿಗುವುದು ರೇಟಿಂಗ್ ಮತ್ತು ಬೋನಸ್. ಮೇಲಿನ ಹುದ್ದೆಯ ಕೆಲಸವನ್ನು ಈಗಾಗಲೇ ಮಾಡುತ್ತಿದ್ದೀರಿ ಎಂದು ತೋರಿಸಿದರೆ ಪ್ರಮೋಷನ್‌ನ ಮಾತು. ಪ್ರತಿ ಹುದ್ದೆಯಿಂದ ಏನನ್ನು ನಿರೀಕ್ಷಿಸುತ್ತೇವೆ ಎಂದು ವಿವರಿಸುವ ದಾಖಲೆ ಬಹಳಷ್ಟು ಕಂಪನಿಗಳಲ್ಲಿ ಇರುತ್ತದೆ. ಅದನ್ನು ತೆಗೆದು ಓದದೆ ಒಂದು ಸಾಲನ್ನೂ ಬರೆಯಬೇಡಿ. ಸೀನಿಯರ್ ಇಂಜಿನಿಯರ್ ಎದುರಿಗೆ 'ಕೊಟ್ಟ ಕೆಲಸವನ್ನು ಸ್ವತಂತ್ರವಾಗಿ ಮುಗಿಸುತ್ತಾರೆ' ಎಂದೂ, ಲೀಡ್ ಎದುರಿಗೆ 'ಯಾವ ಕೆಲಸ ಆಗಬೇಕೆಂದು ಗುರುತಿಸಿ, ಬೇರೆ ತಂಡಗಳನ್ನೂ ಸೇರಿಸಿಕೊಂಡು ಮಾಡಿಸುತ್ತಾರೆ' ಎಂದೂ ಇದೆ ಎನ್ನೋಣ. ಆಗ ನೀವು ಮುಗಿಸಿದ 40 ಕೆಲಸಗಳ ಪಟ್ಟಿ ಲೀಡ್ ಹುದ್ದೆಗೆ ವಾದವೇ ಅಲ್ಲ. ನೀವೇ ಗುರುತಿಸಿ ಮಾಡಿಸಿದ ಒಂದೇ ಒಂದು ಕೆಲಸ ಅದಕ್ಕಿಂತ ಹೆಚ್ಚು ತೂಗುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ಆನ್‌ಲೈನ್ ಪಾವತಿಯ ಒಂದು ಕಂಪನಿ. ಗ್ರಾಹಕರ ದೂರು ನೋಡಿಕೊಳ್ಳುವ ಸಪೋರ್ಟ್ ತಂಡದಲ್ಲಿ ಒಬ್ಬ ಸೀನಿಯರ್ ಇಂಜಿನಿಯರ್ ಇದ್ದಾಳೆ, ಲೀಡ್ ಆಗಬೇಕೆಂದಿದ್ದಾಳೆ. ಫಾರ್ಮ್‌ನಲ್ಲಿ ಅವಳು ಮೊದಲು ಬರೆದ ಸಾಲು ಹೀಗಿದೆ: 'ತಂಡದೊಂದಿಗೆ ಶ್ರಮಿಸಿ ರೀಫಂಡ್ ಟಿಕೆಟ್‌ಗಳನ್ನು ಗಣನೀಯವಾಗಿ ಕಡಿಮೆ ಮಾಡಿದೆ.'

ಇದರಲ್ಲಿ ಸುಳ್ಳೇನಿಲ್ಲ. ಆದರೆ ಸಭೆಯಲ್ಲಿ ಕೂತವರಿಗೆ ಇದು ಏನನ್ನೂ ಹೇಳುವುದಿಲ್ಲ. ಗಣನೀಯ ಎಂದರೆ ಎಷ್ಟು? ಎಲ್ಲಿಂದ ಎಲ್ಲಿಗೆ ಇಳಿಯಿತು? ತಂಡ ಮಾಡಿದ್ದೆಷ್ಟು, ಇವಳು ಮಾಡಿದ್ದೆಷ್ಟು?

ಅವಳು ಟಿಕೆಟ್‌ಗಳ ದಾಖಲೆ ತೆರೆದು ನೋಡುತ್ತಾಳೆ. ಹಿಂದಿನ ಅಕ್ಟೋಬರ್‌ನಲ್ಲಿ ತಿಂಗಳಿಗೆ 700, ಈಗ 180. ಮುಕ್ಕಾಲು ಪಾಲು ಇಳಿದಿದೆ ಎಂದು ಬರೆದುಬಿಡುವ ಆಸೆಯಾಗುತ್ತದೆ. ಬರೆದರೆ ಸಭೆಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ಅಕ್ಟೋಬರ್ ದೀಪಾವಳಿಯ ಸೀಸನ್ ಅಲ್ಲವೇ ಎಂದು. ಹಬ್ಬದಲ್ಲಿ ಖರೀದಿ ಏರುತ್ತದೆ, ವಾಪಸಾತಿ ಏರುತ್ತದೆ, ದೂರೂ ಏರುತ್ತದೆ. ಹಬ್ಬ ಕಳೆದ ಮೇಲೆ ತಾನಾಗಿಯೇ ಇಳಿಯುತ್ತದೆ. ಈ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಹೋದರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ. ಹಾಗಾಗಿ ಹೋಲಿಕೆಯನ್ನು ಅದೇ ತಿಂಗಳುಗಳ ನಡುವೆ ಮಾಡಬೇಕು. ಹಿಂದಿನ ವರ್ಷದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತಿಂಗಳಿಗೆ ಸರಾಸರಿ 420 ಟಿಕೆಟ್ ಬಂದಿದ್ದವು, ಈ ವರ್ಷ ಅದೇ ಮೂರು ತಿಂಗಳಲ್ಲಿ ಸರಾಸರಿ 180.

ಇಷ್ಟಕ್ಕೇ ಮುಗಿಯಲಿಲ್ಲ. ಈ ಮಧ್ಯೆ ಕಂಪನಿಯ ವ್ಯವಹಾರವೂ ಬೆಳೆದಿದೆ. ತಿಂಗಳಿಗೆ 6 ಲಕ್ಷ ಪಾವತಿ ನಡೆಯುತ್ತಿದ್ದದ್ದು ಈಗ ಏಳೂವರೆ ಲಕ್ಷ. ಬರಿಯ ಟಿಕೆಟ್ ಎಣಿಸುವ ಬದಲು ಲಕ್ಷ ಪಾವತಿಗೆ ಎಷ್ಟು ಟಿಕೆಟ್ ಎಂದು ನೋಡಿದರೆ ಮೊದಲು 70, ಈಗ 24. ಕೆಲಸದ ನಿಜವಾದ ಫಲ ಇದು. ವ್ಯವಹಾರ ಕುಗ್ಗಿದ್ದಿದ್ದರೂ ಇದೇ ಲೆಕ್ಕ ಮಾಡಬೇಕಿತ್ತು, ಆಗ ಅಂಕಿ ಅವಳಿಗೆ ಅಷ್ಟು ಅನುಕೂಲವಾಗಿ ಬರುತ್ತಿರಲಿಲ್ಲ. ತನಗೆ ಒಗ್ಗುವ ವರ್ಷ ಒಂದು ಲೆಕ್ಕ, ಒಗ್ಗದ ವರ್ಷ ಇನ್ನೊಂದು ಲೆಕ್ಕ ಕೊಡುವವರನ್ನು ಹಳೆಯ ಮ್ಯಾನೇಜರುಗಳು ಬೇಗ ಗುರುತಿಸುತ್ತಾರೆ.

ಸಮಯ ಉಳಿತಾಯವನ್ನೂ ಹೇಳಬಹುದು. ಒಂದು ಟಿಕೆಟ್ ಮುಗಿಸಲು ಸರಾಸರಿ 12 ನಿಮಿಷ ಹಿಡಿಯುತ್ತಿತ್ತು ಎಂದು ದಾಖಲೆಯೇ ಹೇಳುತ್ತದೆ. 240 ಟಿಕೆಟ್ ಕಡಿಮೆಯಾದರೆ ತಿಂಗಳಿಗೆ 48 ಗಂಟೆ ಉಳಿಯಿತು. ಇಲ್ಲಿಗೆ ನಿಲ್ಲಿಸುವುದು ಜಾಣತನ. 48 ಗಂಟೆಯನ್ನು ರೂಪಾಯಿಗೆ ತಿರುಗಿಸಿ, ವರ್ಷಕ್ಕೆ ಗುಣಿಸಿ, ಇಷ್ಟು ಲಕ್ಷ ಉಳಿಸಿದೆ ಎಂದು ಬರೆಯುವವರಿದ್ದಾರೆ. ತಂಡದಲ್ಲಿ ಒಬ್ಬರೂ ಕಡಿಮೆಯಾಗದೆ, ಸಂಬಳದ ಖರ್ಚು ಒಂದು ರೂಪಾಯಿಯೂ ಇಳಿಯದೆ ಆ ಲಕ್ಷಗಳು ಎಲ್ಲಿ ಉಳಿದವು ಎಂದು ಫೈನಾನ್ಸ್‌ನವರು ಕೇಳಿದರೆ ಉತ್ತರವಿರುವುದಿಲ್ಲ. ಬದಲಿಗೆ, ಉಳಿದ ಸಮಯದಲ್ಲಿ ತಂಡ ಏನು ಮಾಡಿತು ಎಂದು ಬರೆಯುವುದು ಮೇಲು.

ಇನ್ನೊಂದು ಅನುಮಾನವನ್ನೂ ಮೊದಲೇ ನಿವಾರಿಸಬೇಕು. ಟಿಕೆಟ್ ಸಂಖ್ಯೆಯನ್ನು ಕೆಟ್ಟ ದಾರಿಯಲ್ಲೂ ಇಳಿಸಬಹುದು. ದೂರು ಕೊಡುವ ಬಟನ್ನನ್ನು ಎಲ್ಲೋ ಮೂಲೆಗೆ ತಳ್ಳಿದರಾಯಿತು. ಹಾಗಾಗಿ ಇಳಿದ ಅಂಕಿಯ ಪಕ್ಕದಲ್ಲೇ, ಇದರಿಂದ ಬೇರೆ ಯಾವುದೂ ಕೆಡಲಿಲ್ಲ ಎಂದು ತೋರಿಸುವ ಅಂಕಿಯನ್ನೂ ಇಡಬೇಕು. ಇವಳ ವಿಷಯದಲ್ಲಿ, ಸಪೋರ್ಟ್‌ಗೆ ಗ್ರಾಹಕರು ಕೊಡುವ ಅಂಕ 5ಕ್ಕೆ 3.9 ಇದ್ದದ್ದು 4.1 ಆಗಿದೆ, ಫೋನ್ ಕರೆಗಳೂ ಹೆಚ್ಚಿಲ್ಲ.

ಕೊನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಅವಳ ಪಾಲು. ಒಂದು ತಿಂಗಳ 420 ಟಿಕೆಟ್‌ಗಳನ್ನು ಒಂದೊಂದಾಗಿ ಓದಿ ವಿಂಗಡಿಸಿದವಳು ಅವಳು. ಅರ್ಧಕ್ಕಿಂತ ಹೆಚ್ಚು ಜನ ಕೇಳುತ್ತಿದ್ದದ್ದು 'ನನ್ನ ಹಣ ಎಲ್ಲಿಗೆ ಬಂತು' ಎಂಬ ಒಂದೇ ಪ್ರಶ್ನೆ ಎಂದು ಕಂಡುಕೊಂಡವಳೂ ಅವಳೇ. ರೀಫಂಡ್ ಯಾವ ಹಂತದಲ್ಲಿದೆ ಎಂದು ಗ್ರಾಹಕರಿಗೆ ಎಸ್‌ಎಂಎಸ್ ಕಳಿಸುವ ಕೋಡ್ ಬರೆದದ್ದು ಮಾತ್ರ ಪಾವತಿ ತಂಡದವರು. ಇದನ್ನು ಮುಚ್ಚಿಟ್ಟರೆ ಆ ತಂಡದ ಮ್ಯಾನೇಜರ್ ಅದೇ ಸಭೆಯಲ್ಲಿ ಕೂತಿರುತ್ತಾರೆ. ಹೇಳಿದರೆ ಅವಳ ವಾದ ಇನ್ನೂ ಗಟ್ಟಿಯಾಗುತ್ತದೆ, ಏಕೆಂದರೆ ಬೇರೆ ತಂಡವನ್ನು ಒಪ್ಪಿಸಿ ಕೆಲಸ ಮಾಡಿಸುವುದೇ ಲೀಡ್ ಹುದ್ದೆಯ ನಿರೀಕ್ಷೆ. ಈಗ ಅವಳ ಸಾಲುಗಳು ಹೀಗಾಗುತ್ತವೆ:

'ರೀಫಂಡ್ ಟಿಕೆಟ್‌ಗಳು ಲಕ್ಷ ಪಾವತಿಗೆ 70ರಿಂದ 24ಕ್ಕೆ ಇಳಿದಿವೆ (ಡಿಸೆಂಬರ್–ಫೆಬ್ರವರಿ, ಹಿಂದಿನ ವರ್ಷಕ್ಕೆ ಹೋಲಿಸಿ, ಆಧಾರ: ಟಿಕೆಟ್ ಡ್ಯಾಶ್‌ಬೋರ್ಡ್). ಗ್ರಾಹಕರ ಅಂಕ 3.9ರಿಂದ 4.1ಕ್ಕೆ ಏರಿದೆ. ಒಂದು ತಿಂಗಳ ಟಿಕೆಟ್‌ಗಳನ್ನು ವಿಂಗಡಿಸಿ ಮೂಲ ಕಾರಣ ಕಂಡುಹಿಡಿದೆ, ಎಸ್‌ಎಂಎಸ್ ಪರಿಹಾರವನ್ನು ರೂಪಿಸಿ ಪಾವತಿ ತಂಡವನ್ನು ಒಪ್ಪಿಸಿದೆ. ಕೋಡ್ ಬರೆದವರು ಪಾವತಿ ತಂಡದವರು. ಉಳಿದ ತಿಂಗಳ 48 ಗಂಟೆಗಳಲ್ಲಿ ನಮ್ಮ ತಂಡ ಹೊಸ ವ್ಯಾಪಾರಿಗಳ ನೋಂದಣಿಯ ದೂರುಗಳನ್ನು ವಹಿಸಿಕೊಂಡಿತು.'

ಇಂಥವು ಮೂರೋ ನಾಲ್ಕೋ ಇದ್ದರೆ ಎರಡು ಪುಟಕ್ಕೆ ಸಾಕು. ಒಂದೊಂದನ್ನೂ ಮೇಲಿನ ಹುದ್ದೆಯ ಒಂದೊಂದು ನಿರೀಕ್ಷೆಯ ಕೆಳಗೆ ಇಡಬೇಕು. ಹದಿನೈದು ಸಾಧನೆ ಪಟ್ಟಿ ಮಾಡಿದರೆ ಓದುವವರ ಕಣ್ಣು ಎಲ್ಲಕ್ಕಿಂತ ಸಣ್ಣದರ ಮೇಲೆ ಬೀಳುವ ಅಪಾಯವಿದೆ.

ಅಂಕಿಗೆ ಸಿಗದ ಕೆಲಸಗಳಿರುತ್ತವೆ. ಹೊಸಬರನ್ನು ತಯಾರು ಮಾಡುವುದು ಅಂಥದು. ಅದಕ್ಕೆ ಶೇಕಡಾ ಲೆಕ್ಕ ಕಟ್ಟಲು ಹೋಗಬೇಡಿ. 'ಜೂನ್‌ನಲ್ಲಿ ಸೇರಿದ ಇಬ್ಬರು ಸೆಪ್ಟೆಂಬರ್‌ನಿಂದ ರಾತ್ರಿ ಪಾಳಿಯನ್ನು ಯಾರ ಸಹಾಯವಿಲ್ಲದೆ ನೋಡಿಕೊಳ್ಳುತ್ತಿದ್ದಾರೆ' ಎಂದರೆ ಅದೇ ಪುರಾವೆ. ಜೊತೆಗೆ ಬೇರೆ ತಂಡದ ಒಬ್ಬ ಹಿರಿಯರಿಂದ ನಾಲ್ಕು ಸಾಲು ಬರೆಸಿಕೊಂಡರೆ ಸಭೆಯಲ್ಲಿ ಇನ್ನೊಂದು ದನಿ ಸೇರುತ್ತದೆ.

ಇದನ್ನೆಲ್ಲ ಫಾರ್ಮ್ ಬಂದ ಮೇಲೆ ಶುರು ಮಾಡಿದರೆ ತಡವಾಯಿತು. ಮಾರ್ಚ್‌ನಲ್ಲಿ ಸಭೆ ಇದ್ದರೆ ಜನವರಿಯಲ್ಲೇ ಕರಡನ್ನು ಮ್ಯಾನೇಜರ್ ಮುಂದಿಟ್ಟು, 'ಸರ್, ಇದನ್ನು ಹಿಡಿದು ನನ್ನ ಪರ ಮಾತಾಡುವುದಾದರೆ ನಿಮಗೆ ಎಲ್ಲಿ ಕಷ್ಟವಾಗುತ್ತೆ?' ಎಂದು ಕೇಳಿ. ಅವರಿಗೇ ಒಪ್ಪಿಗೆಯಾಗದ ವಾದ ಸಭೆಯಲ್ಲಿ ನಿಲ್ಲುವುದಿಲ್ಲ. ಅಂಕಿಗಳನ್ನು ಕೂಡಿಡುವಾಗ ಒಂದು ಎಚ್ಚರವಿರಲಿ: ಗ್ರಾಹಕರ ವಿವರವಿರುವ ವರದಿಗಳನ್ನು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬೇಡಿ. ಪ್ರಮೋಷನ್ ಇರಲಿ, ಕೆಲಸವೇ ಹೋದೀತು. ಡ್ಯಾಶ್‌ಬೋರ್ಡ್‌ನ ಲಿಂಕ್ ಮತ್ತು ತಾರೀಕನ್ನು ಕಂಪನಿಯ ಕಡತದಲ್ಲೇ ಬರೆದಿಟ್ಟರೆ ಸಾಕು.

ಎಲ್ಲ ಸರಿಯಾಗಿ ಬರೆದೂ ಪ್ರಮೋಷನ್ ಸಿಗದೆ ಹೋಗಬಹುದು. ಆ ವರ್ಷ ಲೀಡ್ ಹುದ್ದೆಯೇ ಖಾಲಿ ಇರಲಿಕ್ಕಿಲ್ಲ, ಬಜೆಟ್ ಮುಗಿದಿರಬಹುದು. ಬರಹ ಎಷ್ಟೇ ಚೆನ್ನಾಗಿದ್ದರೂ ಇಲ್ಲದ ಹುದ್ದೆಯನ್ನು ಸೃಷ್ಟಿಸದು. ಆದರೆ ಹುದ್ದೆ ಇರಲಿಲ್ಲವೋ, ನಿಮ್ಮ ಕೆಲಸದಲ್ಲಿ ಕೊರತೆ ಇತ್ತೋ ಎಂಬುದನ್ನು ತಿಳಿದುಕೊಳ್ಳಲೇಬೇಕು, ಬರಹದಲ್ಲೇ ಕೇಳಬೇಕು. ಇದಕ್ಕೆ ಒಂದು ಹಳೆಯ ಪ್ರಕರಣ ನೆನಪಾಗುತ್ತದೆ. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿದ್ದ ದೇವ್ ದತ್ ಎಂಬ ಎಕ್ಸಿಕ್ಯೂಟಿವ್ ಎಂಜಿನಿಯರ್‌ಗೆ 1993–94ರ ಗೋಪ್ಯ ವರದಿಯಲ್ಲಿ 'ಉತ್ತಮ' ಎಂದು ಬರೆದಿದ್ದರು. ಬಡ್ತಿಗೆ ಬೇಕಿದ್ದದ್ದು 'ಅತ್ಯುತ್ತಮ'. ಆ ಷರಾ ಅವರಿಗೆ ತಿಳಿಸಿರಲೇ ಇಲ್ಲ, ಬಡ್ತಿ ತಪ್ಪಿತು. 2008ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರನ ವರದಿಯಲ್ಲಿನ ಪ್ರತಿಯೊಂದು ಷರಾವನ್ನೂ ಅವನಿಗೆ ತಿಳಿಸಬೇಕು ಎಂದು ತೀರ್ಪು ಕೊಟ್ಟಿತು. ಒಳ್ಳೆಯ ಮಾತೇ ಅಡ್ಡಗಾಲಾಗಬಹುದು ಎಂಬುದನ್ನು ಆ ಪ್ರಕರಣ ತೋರಿಸಿತು.

ಆ ತೀರ್ಪು ಸರ್ಕಾರಿ ನೌಕರರಿಗೆ ಸಂಬಂಧಿಸಿದ್ದು. ಖಾಸಗಿ ಕಂಪನಿಯಲ್ಲಿ ನೀವಾಗಿಯೇ ಕೇಳಬೇಕು: ಮೇಲಿನ ಹುದ್ದೆಯ ಯಾವ ನಿರೀಕ್ಷೆಯಲ್ಲಿ ನಾನು ಹಿಂದಿದ್ದೇನೆ, ಯಾವ ಪುರಾವೆ ತಂದರೆ ಅದು ತುಂಬುತ್ತದೆ, ಯಾವ ತಿಂಗಳಲ್ಲಿ ಮತ್ತೆ ನೋಡೋಣ. ಬಂದ ಉತ್ತರವನ್ನು ಅದೇ ದಿನ ಮೇಲ್ ಮಾಡಿ ಖಚಿತಪಡಿಸಿಕೊಳ್ಳಿ. ಮುಂದಿನ ಕೆಲಸವನ್ನು ಕೈಗೆತ್ತಿಕೊಳ್ಳುವ ಮೊದಲು ಇವತ್ತಿನ ಅಂಕಿ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಹಳೆಯ ಅಂಕಿ ಹುಡುಕಲು ಹೋದರೆ ಎಷ್ಟೋ ಕಡೆ ಅದು ಸಿಗುವುದೇ ಇಲ್ಲ.