ಕರೆಂಟು ಹತ್ತು ನಿಮಿಷ, ವಾಸ ಎರಡು ತಿಂಗಳು

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ಬರುವ ಕ್ಯಾನ್ಸರ್ ರೋಗಿಗಳಲ್ಲಿ ಬಹಳಷ್ಟು ಜನರಿಗೆ ವೈದ್ಯರು ವಿಕಿರಣ ಚಿಕಿತ್ಸೆ ಬರೆದುಕೊಡುತ್ತಾರೆ. ಹಳ್ಳಿಯವರ ಬಾಯಲ್ಲಿ ಅದು ‘ಕರೆಂಟ್ ಕೊಡಿಸೋದು’. ಯಂತ್ರದ ಕೆಳಗೆ ಮಲಗಿ ಏಳುವುದಕ್ಕೆ ಹತ್ತು ಹದಿನೈದು ನಿಮಿಷ ಸಾಕು. ನಡೆದಾಡಬಲ್ಲ ರೋಗಿಯನ್ನು ಅದಕ್ಕಾಗಿ ಸಾಮಾನ್ಯವಾಗಿ ವಾರ್ಡಿಗೆ ಸೇರಿಸಿಕೊಳ್ಳುವುದಿಲ್ಲ. ದಿನಾ ಬಂದು ಹೋಗಬೇಕು, ವಾರಕ್ಕೆ ಐದು ದಿನ, ಐದರಿಂದ ಏಳು ವಾರ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಯ ಖರ್ಚು ಸರ್ಕಾರದ ಪಾಲಿಗೆ ಹೋಗುತ್ತದೆ. ಹೊರಗಿದ್ದುಕೊಂಡು ಕರೆಂಟ್ ಹಿಡಿಸುವಾಗ ಅಷ್ಟು ವಾರ ಎಲ್ಲಿರಬೇಕು ಎಂಬುದನ್ನು ಮಾತ್ರ ಮನೆಯವರೇ ನೋಡಿಕೊಳ್ಳಬೇಕು.

ಇದು ಚಿಕಿತ್ಸೆಯ ಹೊರಗಿನ ಮಾತು ಅಂತ ಯಾರಾದರೂ ಅಂದುಕೊಂಡರೆ ತಪ್ಪು. ಬಾಯಿ, ಗಂಟಲು, ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಕರೆಂಟಿನ ನಡುವೆ ದಿನ ತಪ್ಪಿಸಿದರೆ ಉಳಿದಿರುವ ಗೆಡ್ಡೆಯ ಕಣಗಳು ಆ ಬಿಡುವಿನಲ್ಲಿ ಮತ್ತೆ ಬೆಳೆಯುತ್ತವೆ. ಒಟ್ಟು ಅವಧಿ ಉದ್ದವಾದಷ್ಟೂ ರೋಗ ಹಿಡಿತಕ್ಕೆ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಬಾಡಿಗೆಗೆ ದುಡ್ಡಿಲ್ಲವೆಂದು ನಾಲ್ಕನೇ ವಾರಕ್ಕೆ ಊರಿನ ಬಸ್ಸು ಹತ್ತಿದವರು ಕಳೆದುಕೊಳ್ಳುವುದು ಇದನ್ನೇ.

ಹಾಗಾಗಿ ರೂಮು ಹುಡುಕುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಮೊದಲನೆಯದು, ಇದೇ ಕರೆಂಟು ನಮ್ಮ ಊರಿಗೆ ಹತ್ತಿರ ಸಿಗುತ್ತದೆಯೇ? ಕಲಬುರಗಿಯಲ್ಲಿ ಕಿದ್ವಾಯಿಯದೇ ಶಾಖೆಯಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಎಲ್ಲ ಬಗೆಯ ಚಿಕಿತ್ಸೆಯೂ ಎಲ್ಲ ಕಡೆ ಆಗುವುದಿಲ್ಲ. ಆದರೂ ಕೇಳಿದರೆ ವೈದ್ಯರೇ ಹೇಳುತ್ತಾರೆ, ಬೇಕಾದರೆ ಪತ್ರವನ್ನೂ ಬರೆದುಕೊಡುತ್ತಾರೆ. ಎರಡನೆಯದು, ಒಟ್ಟು ಎಷ್ಟು ಸಿಟ್ಟಿಂಗ್?

ಸಿಂಧನೂರು ಕಡೆಯ ಒಬ್ಬ ರೈತನಿಗೆ ನಾಲಗೆಯ ಕ್ಯಾನ್ಸರ್, ಮೂವತ್ಮೂರು ಸಿಟ್ಟಿಂಗ್ ಎಂದಿಟ್ಟುಕೊಳ್ಳೋಣ. ವಾರಕ್ಕೆ ಐದರಂತೆ ಆರು ವಾರ ತುಂಬಿ ಇನ್ನೂ ಮೂರು ಉಳಿಯುತ್ತವೆ. ಸೋಮವಾರ ಶುರುವಾದದ್ದು ಏಳನೇ ವಾರದ ಬುಧವಾರ ಮುಗಿಯುತ್ತದೆ, ಅಂದರೆ ನಲವತ್ತೈದು ದಿನ. ಅದಕ್ಕೂ ಮೊದಲು ಮುಖಕ್ಕೆ ಪ್ಲಾಸ್ಟಿಕ್ಕಿನ ಮಾಸ್ಕ್ ತಯಾರಾಗಬೇಕು, ಸ್ಕ್ಯಾನ್ ಆಗಬೇಕು, ಪ್ಲಾನ್ ಹಾಕಬೇಕು, ಯಂತ್ರದ ಸರದಿ ಬರಬೇಕು. ನಡುವೆ ಸರ್ಕಾರಿ ರಜೆ ಬರಬಹುದು, ಯಂತ್ರ ಕೆಡಬಹುದು; ತಪ್ಪಿದ ಸಿಟ್ಟಿಂಗ್ ಕೊನೆಗೆ ಸೇರಿಕೊಳ್ಳುತ್ತದೆ. ಅರವತ್ತು ದಿನಕ್ಕೆ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ದಿನಕ್ಕೆ 400 ರೂಪಾಯಿಯ ರೂಮು ಅಗ್ಗವೆನಿಸಿದರೂ ಅರವತ್ತು ದಿನಕ್ಕೆ ಅದು 24,000. ಅದೇ ರೂಮು ತಿಂಗಳ ಲೆಕ್ಕದಲ್ಲಿ 7,000ಕ್ಕೆ ಕುದುರಿದರೆ ಹತ್ತು ಸಾವಿರ ಉಳಿಯಿತು. ಸಿಟ್ಟಿಂಗ್ ಎಷ್ಟೆಂದು ತಿಳಿಯದವರು ‘ನಾಲ್ಕು ದಿನ ನೋಡೋಣ’ ಎಂದು ದಿನದ ಬಾಡಿಗೆಗೇ ಇದ್ದು ಸೋಲುತ್ತಾರೆ.

ಮೊದಲು ಪ್ರಯತ್ನಿಸಬೇಕಾದದ್ದು ಧರ್ಮಶಾಲೆ. ರೋಗಿಗಳ ಮನೆಯವರಿಗೆಂದೇ ಕಿದ್ವಾಯಿಯಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆಯಿದೆ. ನಿಮ್ಹಾನ್ಸ್‌ಗೂ ಅದೇ ಪ್ರತಿಷ್ಠಾನ ಒಂದನ್ನು ಕಟ್ಟಿಸಿದೆ. ಇಂಥ ಕಡೆ ನೇರವಾಗಿ ಹೋಗಿ ಕೇಳಿದರೆ ‘ಜಾಗ ಇಲ್ಲ’ ಎಂಬ ಉತ್ತರವೇ ಹೆಚ್ಚು. ದಾರಿ ಹೋಗುವುದು ಆಸ್ಪತ್ರೆಯ ಸೋಷಿಯಲ್ ವರ್ಕರ್ ಮೂಲಕ. ಆಸ್ಪತ್ರೆಯ ಫೈಲು, ರೋಗಿಯ ಮತ್ತು ಜೊತೆಗಿರುವವರ ಆಧಾರ್, ಬಿಪಿಎಲ್ ಕಾರ್ಡಿನ ಜೆರಾಕ್ಸ್, ಎಷ್ಟು ವಾರದ ಚಿಕಿತ್ಸೆ ಎಂದು ವೈದ್ಯರು ಬರೆದ ಚೀಟಿ ಇಷ್ಟು ಕೈಯಲ್ಲಿರಬೇಕು. ಚೀಟಿಯಲ್ಲಿ ದಿನಗಳ ಸಂಖ್ಯೆ ಇಲ್ಲದಿದ್ದರೆ ಅಲ್ಪಕಾಲಕ್ಕೆ ಬಂದವರ ಸಾಲಿಗೆ ಸೇರಿಸಿಬಿಡುತ್ತಾರೆ. ಧರ್ಮಶಾಲೆಗಳಲ್ಲಿ ಸಾಮಾನ್ಯವಾಗಿ ರೋಗಿಯ ಜೊತೆ ಒಬ್ಬರಿಗೋ ಇಬ್ಬರಿಗೋ ಮಾತ್ರ ಜಾಗ, ದಿನಗಳಿಗೂ ಮಿತಿ. ಗಡುವು ಮುಗಿಯುವ ಮುನ್ನವೇ ಚೀಟಿ ಮುಂದುವರಿಸಿಕೊಳ್ಳಬೇಕು. ಮಂಗಳವಾರ ಸಿಗದ ಹಾಸಿಗೆ ಶುಕ್ರವಾರ ಸಂಜೆ ಸಿಗುವುದುಂಟು, ಚಿಕಿತ್ಸೆ ಮುಗಿಸಿದವರು ವಾರದ ಕೊನೆಗೆ ಊರಿಗೆ ಹೊರಡುತ್ತಾರಲ್ಲ.

ಅಲ್ಲಿ ಆಗದಿದ್ದರೆ ಲಕ್ಕಸಂದ್ರ, ವಿಲ್ಸನ್ ಗಾರ್ಡನ್, ಸಿದ್ದಾಪುರದ ಓಣಿಗಳಿವೆ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಿಎಂಟಿಸಿ ಬಸ್ಸು 2023ರಿಂದ ಉಚಿತವಾಗಿರುವುದರಿಂದ, ರೋಗಿ ಹೆಣ್ಣುಮಗಳಾಗಿದ್ದರೆ ಒಂದೇ ಬಸ್ಸಿನಲ್ಲಿ ಬರಬಹುದಾದ ದೂರದ ಬಡಾವಣೆಯನ್ನೂ ನೋಡಬಹುದು. ಹೊಟ್ಟೆಯ ಕೆಳಭಾಗಕ್ಕೆ ಕರೆಂಟ್ ಆಗುತ್ತಿರುವವರಿಗೆ ಮಾತ್ರ ಅದು ಬೇಡ. ಭೇದಿ ಶುರುವಾದ ಮೇಲೆ ಬಸ್ಸಿನಲ್ಲಿ ಅರ್ಧ ಗಂಟೆ ಕೂರುವುದೂ ಹಿಂಸೆ. ಅವರಿಗೆ ರೂಮಿನೊಳಗೇ ಕುರ್ಚಿಯ ಕಕ್ಕಸು ಬೇಕು, ನೆಲಮಹಡಿಯಾದರೆ ಇನ್ನೂ ಒಳ್ಳೆಯದು.

ನಮ್ಮ ಸಿಂಧನೂರಿನವನ ಮಗ ಓಣಿಯಲ್ಲಿ ಮನೆಯೊಡತಿಯನ್ನು ಕೇಳುವುದು ಹೀಗೆ:

“ಅಕ್ಕಾರ, ಒಳಗ ಅಡಗಿ ಮಾಡ್ಕೋಬಹುದೇನ್ರಿ?”

“ಸಿಲಿಂಡರ್ ಇಡೋ ಹಾಗಿಲ್ಲಪ್ಪ. ಊಟ ಹೋಟ್ಲಲ್ಲಿ ಮಾಡ್ಕೊಳ್ಳಿ, ಎಲ್ಲರೂ ಹಾಗೇ ಮಾಡ್ತಾರೆ.”

ಬಾಯಿಗೆ ಕರೆಂಟ್ ಹಿಡಿಸುವವನಿಗೆ ಈ ರೂಮು ಎಷ್ಟು ಅಗ್ಗವಿದ್ದರೂ ಬೇಡ. ಎರಡನೆಯ, ಮೂರನೆಯ ವಾರಕ್ಕೆ ಬಾಯೊಳಗಿನ ಪೊರೆ ಕೆಂಪಾಗಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ, ಎಂಜಲು ದಪ್ಪಗಾಗಿ ಗಂಟಲಲ್ಲೇ ನಿಲ್ಲುತ್ತದೆ. ಹೋಟೆಲಿನ ಸಾಂಬಾರಿನ ಖಾರ ನಾಲಗೆಗೆ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಆಗ ಅವನಿಗೆ ಬೇಕಾದದ್ದು ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ: ಸೋಸಿದ ಉಗುರುಬೆಚ್ಚಗಿನ ರಾಗಿ ಗಂಜಿ, ಕೈಯಲ್ಲಿ ಕಿವುಚಿ ಹಾಲು ಬೆರೆಸಿದ ಮೆತ್ತನೆ ಅನ್ನ, ಖಾರವಿಲ್ಲದ ಬೇಳೆಕಟ್ಟು, ಬೇಯಿಸಿದ ಮೊಟ್ಟೆ ನುರಿದದ್ದು. ಉಪ್ಪು, ಸೋಡಾ ಹಾಕಿದ ನೀರಿನಲ್ಲಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ಇದ್ಯಾವುದೂ ಒಲೆಯಿಲ್ಲದೆ ನಡೆಯದು. ತೂಕ ಇಳಿದರೆ ಮುಖ ಸಣ್ಣಗಾಗಿ ಮಾಸ್ಕ್ ಸಡಿಲವಾಗುತ್ತದೆ. ಮಾಸ್ಕ್ ಅಲುಗಾಡಿದರೆ ಕಿರಣ ಬೀಳಬೇಕಾದ ಕಡೆ ಬೀಳುವುದಿಲ್ಲ, ಮತ್ತೆ ಅಳತೆ ತೆಗೆಯಬೇಕಾಗಬಹುದು. ನನ್ನ ಕೇಳಿದರೆ, ಸಾವಿರ ರೂಪಾಯಿ ಹೆಚ್ಚಾದರೂ ಇಂಡಕ್ಷನ್ ಒಲೆಗೆ ಒಪ್ಪುವ ಮನೆಯನ್ನೇ ಹಿಡಿಯಬೇಕು, ಕರೆಂಟ್ ಬಿಲ್ ಯಾರದೆಂದು ಅಂದೇ ಮಾತಾಡಿಕೊಂಡು. ಜೊತೆಗಿರುವವರ ಊಟಕ್ಕೆ ಇಂದಿರಾ ಕ್ಯಾಂಟೀನ್ ಇದ್ದೇ ಇದೆ.

ರಾತ್ರಿ ಗೇಟಿನ ವಿಚಾರ ಯಾರಿಗೂ ಮೊದಲು ಹೊಳೆಯುವುದಿಲ್ಲ. ಕರೆಂಟಿನ ಜೊತೆಗೆ ಕೀಮೋ ಆಗುತ್ತಿದ್ದರೆ ರಕ್ತದ ಬಿಳಿಕಣ ಇಳಿದಿರಬಹುದು. ಆಗ ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಹತ್ತು ಗಂಟೆಗೆ ಬೀಗ ಹಾಕುವ ಕಡೆ ಕಾವಲಿನವರು ಯಾರು, ಅವರ ನಂಬರ್ ಏನು ಎಂದು ಸೇರಿದ ದಿನವೇ ಕೇಳಿಟ್ಟುಕೊಳ್ಳಬೇಕು, ಒಂದು ಥರ್ಮಾಮೀಟರ್ ತಂದಿಟ್ಟುಕೊಳ್ಳಬೇಕು. ಬಿಳಿಕಣ ಇಳಿಯುವ ಕಾರಣಕ್ಕೇ ಕೀಮೋ ಹಿಡಿಸುವವರನ್ನು ಕೆಮ್ಮುವವರ ಪಕ್ಕದ ಹಾಸಿಗೆಯಿಂದ ದೂರ ಇಡಬೇಕು.

ಅಡ್ವಾನ್ಸ್ ಕೊಟ್ಟರೆ ಎಷ್ಟು, ಯಾವ ತಾರೀಕು, ಬಿಡುವಾಗ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದು ಒಂದು ಹಾಳೆಯಲ್ಲಿ ಸಹಿಯೊಂದಿಗೆ ಇರಲಿ. ಆಸ್ಪತ್ರೆಯ ಗೇಟಿನಲ್ಲೇ ಬ್ಯಾಗು ಹಿಡಿದು ‘ಬನ್ನಿ ರೂಮ್ ತೋರಿಸ್ತೀನಿ’ ಎನ್ನುವವರು ಇಟ್ಟುಕೊಳ್ಳುವ ಕಮಿಷನ್ನು ಬಾಡಿಗೆಯೊಳಗೇ ಸೇರಿರುತ್ತದೆ. ಕರೆಂಟ್ ರೂಮಿನ ಮುಂದಿನ ಬೆಂಚಿನಲ್ಲಿ ಕುಳಿತ, ನಾಲ್ಕೈದು ವಾರ ಕಳೆದವರನ್ನು ಮಾತಾಡಿಸಿದರೆ ಯಾವ ಮನೆ ಯಾವಾಗ ಖಾಲಿಯಾಗುತ್ತದೆಂದು ಅವರೇ ಹೇಳುತ್ತಾರೆ. ಎಷ್ಟೋ ರೂಮುಗಳು ಹೀಗೇ ಒಂದು ಕುಟುಂಬದಿಂದ ಇನ್ನೊಂದು ಕುಟುಂಬದ ಕೈಗೆ ಹೋಗುತ್ತವೆ, ಒಲೆ, ಬಕೆಟ್ಟು, ಚಾಪೆಯ ಸಮೇತ.

ಇನ್ನು ರೂಮು ಬಿಡುವ ದಿನ. ಕೊನೆಯ ಸಿಟ್ಟಿಂಗ್ ಮುಗಿದ ಸಂಜೆಯೇ ಗಂಟುಮೂಟೆ ಕಟ್ಟುವ ಆಸೆ ಸಹಜ. ಆದರೆ ಬಾಯಿಯ ಹುಣ್ಣು, ಚರ್ಮದ ಉರಿ ಕರೆಂಟ್ ನಿಂತ ಮೇಲೂ ಒಂದೆರಡು ವಾರ ಹೆಚ್ಚಾಗಿಯೇ ಇರುತ್ತವೆ. ನೀರೂ ಇಳಿಯದ ಸ್ಥಿತಿಯಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಸಿಂಧನೂರು ಸೇರಿದವನಿಗೆ ಅಲ್ಲಿ ಮೂಗಿನ ನಳಿಕೆ ಹಾಕಿಸಲು ಪರದಾಡಬೇಕಾದೀತು. ಹೊರಡುವ ಮುನ್ನ ವೈದ್ಯರಿಗೆ ಬಾಯಿ ತೋರಿಸಿ, ನುಂಗುವುದು ಕಷ್ಟವೆಂದರೆ ಇನ್ನೊಂದು ವಾರ ಇರಲು ಮನೆಯೊಡತಿಯ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಬೇಕು.